ಈಗಷ್ಟೇ ಬಂದವರಿಗೂ ಬೆಲೆ ಗೊತ್ತಿರಲಿ

ಸಂಜೆ ಏಳರ ಮೇಲೆ ಫೇಸ್‌ಬುಕ್ ತೆರೆದರೆ ಎಲ್ಲೋ ಒಂದು ಕಡೆ ಸೀರೆ ಲೈವ್ ನಡೆಯುತ್ತಿರುತ್ತದೆ. ಮಂಚದ ಮೇಲೆ ಸೀರೆಗಳ ರಾಶಿ, ಎದುರಿಗೆ ಸ್ಟ್ಯಾಂಡಿನ ಮೇಲೆ ಮೊಬೈಲು, ಒಬ್ಬರು ಸೀರೆ ಬಿಚ್ಚಿ ಮಾತಾಡುತ್ತಿರುತ್ತಾರೆ. ಕೆಳಗೆ ಕಾಮೆಂಟುಗಳು ಓಡುತ್ತಿರುತ್ತವೆ. ಆ ಕಾಮೆಂಟುಗಳನ್ನು ಗಮನವಿಟ್ಟು ಓದಿದರೆ ಅರ್ಧಕ್ಕರ್ಧ ಒಂದೇ ಮಾತು ಕಾಣುತ್ತದೆ: "ರೇಟ್ ಎಷ್ಟು?" ಮಾರುವವರು ಬೆಲೆ ಹೇಳಿರಲಿಲ್ಲ ಎಂದಲ್ಲ, ಹೇಳಿದ್ದರು. ಆದರೆ ಅದನ್ನು ಹೇಳಿದಾಗ ಕೇಳಿದವರು ಈ ಪ್ರಶ್ನೆ ಬರೆದಿಲ್ಲ. ಬರೆದವರು ಆಮೇಲೆ ಬಂದವರು.

ಲೈವ್ ಮಾರಾಟದ ಬರವಣಿಗೆಯ ತೊಡಕೆಲ್ಲ ಇಲ್ಲಿಂದಲೇ ಶುರುವಾಗುತ್ತದೆ. ನೋಡುವವರು ನಾಟಕದ ಪ್ರೇಕ್ಷಕರ ಹಾಗೆ ಮೊದಲಿನಿಂದ ಕೊನೆಯವರೆಗೆ ಕೂರುವುದಿಲ್ಲ. ಒಬ್ಬರು ಕುಕ್ಕರ್ ಕೂಗುವವರೆಗೆ ಇರುತ್ತಾರೆ, ಇನ್ನೊಬ್ಬರು ಬಸ್ಸಿನಲ್ಲಿ ಎರಡು ಸ್ಟಾಪ್ ಕಳೆಯುವವರೆಗೆ. ಹಾಗಿರುವಾಗ ಮಾರುವವರು ಬರೆದುಕೊಳ್ಳುವ ಟಿಪ್ಪಣಿ ಮಾತ್ರ ಭಾಷಣದ ಟಿಪ್ಪಣಿಯಂತೆ ಇರುತ್ತದೆ: ಮೊದಲು ಸ್ವಾಗತ, ಆಮೇಲೆ ವಿಷಯ, ಕೊನೆಗೆ ಪ್ರಶ್ನೋತ್ತರ. ಅದನ್ನು ಸ್ಕ್ರಿಪ್ಟ್ ಆಗಿ ತಿದ್ದುವುದು ಎಂದರೆ ಈ ನಿಮಿಷ ಒಳಗೆ ಬಂದವರಿಗೂ ಪೂರ್ತಿ ಅರ್ಥವಾಗುವಂತೆ ಅದನ್ನು ಮುರಿದು ಕಟ್ಟುವುದು.

ಇದರ ಭಾರ ನಮ್ಮಲ್ಲಿ ಇನ್ನೂ ಹೆಚ್ಚು. ಚೀನಾದಲ್ಲಿ 2016ರಲ್ಲಿ ಶುರುವಾದ ತಾವೊಬಾವ್ ಲೈವ್‌ನಂಥ ವೇದಿಕೆಗಳಲ್ಲಿ ವಿಡಿಯೊದ ಪಕ್ಕದಲ್ಲೇ ವಸ್ತುವಿನ ಚಿತ್ರ, ಬೆಲೆ, ಕೊಳ್ಳುವ ಗುಂಡಿ ಇರುತ್ತವೆ. ನಮ್ಮ ಸಣ್ಣ ಅಂಗಡಿಯವರು ನೆಚ್ಚಿರುವ ಫೇಸ್‌ಬುಕ್ ತನ್ನ ಲೈವ್ ಶಾಪಿಂಗ್ ಸೌಲಭ್ಯವನ್ನು 2022ರ ಅಕ್ಟೋಬರ್‌ನಲ್ಲಿ ನಿಲ್ಲಿಸಿತು. ಲೈವ್‌ನಲ್ಲಿ ವಸ್ತುಗಳನ್ನು ಟ್ಯಾಗ್ ಮಾಡುವ ಅವಕಾಶವನ್ನು ಇನ್‌ಸ್ಟಾಗ್ರಾಂ 2023ರ ಮಾರ್ಚ್‌ನಲ್ಲಿ ತೆಗೆಯಿತು. ಈಗ ಉಳಿದಿರುವುದು ಬರೀ ವಿಡಿಯೊ, ಕಾಮೆಂಟು ಮತ್ತು ವಾಟ್ಸ್‌ಆ್ಯಪ್ ನಂಬರು. ಗುಂಡಿ ಮಾಡಬೇಕಾದ ಕೆಲಸವನ್ನೆಲ್ಲ ಬಾಯಿ ಮಾಡಬೇಕು. ಯಾವ ಸೀರೆ, ಎಷ್ಟು ಬೆಲೆ, ಎಲ್ಲಿ ಹೇಳಿದರೆ ಸಿಗುತ್ತದೆ ಎಂಬ ಮೂರು ಸಂಗತಿ ಪ್ರತಿ ಸೀರೆಯ ಜೊತೆಗೂ ಬರಬೇಕು.

ಒಂದು ಮಾದರಿ ಇಟ್ಟುಕೊಂಡು ನೋಡೋಣ. ಬಾಗಲಕೋಟೆ ಜಿಲ್ಲೆಯ ಇಳಕಲ್ಲಿನಲ್ಲಿ ಕೈಮಗ್ಗದ ಸೀರೆ ಮಾರುವ ಒಂದು ಮನೆ, ಒಂದು ಗಂಟೆಯ ಲೈವ್. ಬೆಲೆಗಳು ಲೆಕ್ಕಕ್ಕಾಗಿ ನಾನು ಇಟ್ಟವು. ಮೊದಲ ಟಿಪ್ಪಣಿ ಹೀಗಿದೆ ಎನ್ನಿ: "ಸ್ವಾಗತ, ನಮ್ಮ ಮನೆತನದ ಪರಿಚಯ, ಇಳಕಲ್ ಸೀರೆಯ ಇತಿಹಾಸ, 15 ನಿಮಿಷ. ರೇಷ್ಮೆ ಸೀರೆ 3. ಕಸೂತಿ ಸೀರೆ 2. ಹತ್ತಿ-ರೇಷ್ಮೆ ಸೀರೆ 6. ಗುಳೇದಗುಡ್ಡ ಖಣ, ಎಲ್ಲಾ ಬಣ್ಣ. ಪ್ರಶ್ನೆಗಳು. ವಂದನೆ."

ಇದನ್ನು ಬರೆದವರಿಗೆ ತಮ್ಮ ಮಾಲಿನ ಮೇಲೆ ಅಭಿಮಾನವಿದೆ, ಶ್ರೇಷ್ಠವಾದದ್ದನ್ನು ಮೊದಲು ತೋರಿಸುವ ಆಸೆಯಿದೆ. ಆದರೆ ಲೈವ್ ಶುರುವಾದ ಮೊದಲ ನಿಮಿಷಗಳಲ್ಲಿ ನೋಡುವವರು ಬೆರಳೆಣಿಕೆಯಷ್ಟು. ನೋಟಿಫಿಕೇಶನ್ ನೋಡಿ ಒಬ್ಬೊಬ್ಬರೇ ಬರುತ್ತಾರೆ. ಇಡೀ ಸಂಜೆಯ ದೊಡ್ಡ ಬೆಲೆಯ ಸೀರೆ ಖಾಲಿ ಮನೆಯಲ್ಲಿ ಬಿಚ್ಚಿಕೊಳ್ಳುತ್ತದೆ. ಇತಿಹಾಸಕ್ಕಿಟ್ಟ ಕಾಲು ಗಂಟೆಯಲ್ಲಿ ಬಂದವರು ಸೀರೆ ಕಾಣದೆ ಮುಂದಕ್ಕೆ ಸರಿಯುತ್ತಾರೆ.

ಹಾಗಾದರೆ ಅಗ್ಗದ ಖಣದಿಂದ ಶುರುಮಾಡಬೇಕೆ? ಅದೂ ಸರಿಹೋಗುವುದಿಲ್ಲ. 350 ರೂಪಾಯಿಯ ಖಣವನ್ನು ಕೇಳಿದ ಕಿವಿಗೆ ಮುಂದಿನ 6,900 ಬಹಳ ದೊಡ್ಡದಾಗಿ ಕೇಳಿಸುತ್ತದೆ. ಒಂದೇ ಖಣ ಕೊಳ್ಳುವವರಿಗೆ ಕೊರಿಯರ್ ಖರ್ಚೂ ಭಾರ. ನನ್ನ ಮಟ್ಟಿಗೆ ಮಧ್ಯಮ ಬೆಲೆಯ, ಹೆಚ್ಚು ಜನ ಕೊಳ್ಳುವ ಹತ್ತಿ-ರೇಷ್ಮೆ ಸೀರೆಯಿಂದ ಶುರುಮಾಡುವುದೇ ಮೇಲು. ಮೊದಲೆರಡು ಸೀರೆಗೆ ಬೇಡಿಕೆ ಬಂದರೆ ಕಾಮೆಂಟು ಓಡುತ್ತವೆ, ಆಮೇಲೆ ಬಂದವರಿಗೆ ಇಲ್ಲಿ ವ್ಯಾಪಾರ ನಡೆಯುತ್ತಿದೆ ಎಂದು ಕಾಣುತ್ತದೆ.

ಖಣವನ್ನು ಕೊನೆಗೆ ತಳ್ಳುವ ಬದಲು ಮೂರು ಕಡೆ ಹಂಚಬೇಕು. ಇಳಕಲ್ ಸೀರೆಗೆ ಖಣದ ಕುಪ್ಪಸ ಎಂಬುದು ಉತ್ತರ ಕರ್ನಾಟಕದ ಹಳೆಯ ಜೋಡಿ. ಸೀರೆ ಬಿಚ್ಚಿದಾಗಲೇ ಖಣವನ್ನು ಅದರ ಮೇಲೆ ಇಟ್ಟು ತೋರಿಸಿದರೆ ಎರಡೂ ಒಟ್ಟಿಗೆ ಹೋಗುತ್ತವೆ. ಇನ್ನೊಂದು ಕಾರಣವೂ ಇದೆ. ಕೈಮಗ್ಗದ ಸೀರೆ ಒಂದೊಂದು ಬಣ್ಣದಲ್ಲಿ ಒಂದೇ ಇರುತ್ತದೆ, ಮಾರಿದರೆ ಮುಗಿಯಿತು. ಖಣ ಒಂದೇ ಬಣ್ಣದಲ್ಲಿ ಇಪ್ಪತ್ತು ಇರಬಹುದು. ಸೀರೆ ತಪ್ಪಿಹೋದವರಿಗೆ ಕೊಡಲು ಏನಾದರೂ ಕೈಯಲ್ಲಿರಬೇಕು. ಹಾಗಾಗಿ ಒಂದೇ ಇರುವ ಮಾಲಿನ ಬೆನ್ನಿಗೆ ಬಹಳ ಇರುವ ಮಾಲು ಬರುವಂತೆ ಸಾಲು ಜೋಡಿಸುವುದು ಒಳ್ಳೆಯದು.

ರೇಷ್ಮೆ ಮತ್ತು ಕಸೂತಿ ಸೀರೆಗಳು ನಡುವೆ ಬರಲಿ, 20ನೇ ನಿಮಿಷದಿಂದ 40ರೊಳಗೆ. ನಮ್ಮ ಹಳೆಯ ಲೈವ್‌ಗಳಲ್ಲಿ ಯಾವಾಗ ಹೆಚ್ಚು ಜನ ಇದ್ದರು ಎಂಬುದನ್ನು ಫೇಸ್‌ಬುಕ್ ತೋರಿಸುತ್ತದೆ, ಅದನ್ನು ನೋಡಿ ಈ ಅವಧಿಯನ್ನು ಹಿಂದೆ ಮುಂದೆ ಮಾಡಿಕೊಳ್ಳಬೇಕು. ಎರಡು ದುಬಾರಿ ಸೀರೆ ಬೆನ್ನುಬೆನ್ನಿಗೆ ಬರುವುದು ಬೇಡ. ಒಂದು ರೇಷ್ಮೆ, ಆಮೇಲೆ ಒಂದು ಹತ್ತಿ-ರೇಷ್ಮೆ, ಹೀಗಿದ್ದರೆ 1,850ಕ್ಕೆ ಕೊಳ್ಳುವವರು ಬೇಸರದಿಂದ ಎದ್ದುಹೋಗುವುದಿಲ್ಲ.

ಗಡಿಯಾರದ ಲೆಕ್ಕವನ್ನು ಇಲ್ಲೇ ಮಾಡಿಬಿಡಬೇಕು. ಹತ್ತಿ-ರೇಷ್ಮೆ ಆರು ಸೀರೆಗೆ ತಲಾ ಎರಡೂವರೆ ನಿಮಿಷದಂತೆ 15, ರೇಷ್ಮೆ ಮೂರಕ್ಕೆ ತಲಾ ನಾಲ್ಕರಂತೆ 12, ಕಸೂತಿ ಎರಡಕ್ಕೆ ತಲಾ ಐದರಂತೆ 10, ಖಣಕ್ಕೆ ಮೂರು ಸಲ ಮೂರು ಮೂರು ನಿಮಿಷ ಎಂದು 9. ಮಾಲಿಗೇ 46 ನಿಮಿಷ ಹೋಯಿತು. ಉಳಿದ 14ರಲ್ಲಿ ಸ್ವಾಗತ, ಮುಕ್ತಾಯ, ನಡುನಡುವೆ ಹೊಸಬರಿಗೆ ಹೇಳುವ ಮಾತು. ಕಾಲು ಗಂಟೆಯ ಇತಿಹಾಸಕ್ಕೆ ಜಾಗ ಇಲ್ಲವೆಂಬುದು ಕಾಗದದ ಮೇಲೇ ಕಾಣುತ್ತದೆ. ಇತಿಹಾಸವನ್ನು ಬಿಡಬೇಕಿಲ್ಲ. ದಡಿ ತೋರಿಸುವಾಗ ಚಿಕ್ಕಿ ಪರಾಸ ಯಾವುದು, ಗೋಮಿ ಯಾವುದು ಎಂದು ಹೇಳಿದರೆ ಅದೇ ಇತಿಹಾಸ. ಸೀರೆ ಕೈಯಲ್ಲಿರುವಾಗ ಹೇಳಿದ ಮಾತು ಜನರಿಗೆ ನೆನಪೂ ಉಳಿಯುತ್ತದೆ.

ಈಗ ಒಂದು ಸೀರೆಯ ಸ್ಕ್ರಿಪ್ಟ್ ನೋಡಿ. ಮಾತು ಮಾತಾಡುವವರ ಊರಿನದ್ದೇ ಆಗಿರಬೇಕು. ಇಳಕಲ್ಲಿನವರ ಬಾಯಿಗೆ ಬೆಂಗಳೂರಿನ ಜಾಹೀರಾತಿನ ಕನ್ನಡ ತುರುಕಿದರೆ ಅವರು ಓದುತ್ತಿದ್ದಾರೆ ಎಂಬುದು ಮೊದಲ ಸಾಲಿಗೇ ಗೊತ್ತಾಗುತ್ತದೆ.

0:00. ನಂಬರಿನ ಚೀಟಿ ಕ್ಯಾಮೆರಾ ಮುಂದೆ. "ನೋಡ್ರಿ, ಇದು ಸೀರಿ ನಂಬರ್ 4. ಗಿಳಿ ಹಸಿರು ಮೈ, ಕೆಂಪು ದಡಿ. ಕೈಮಗ್ಗದ್ದು ಐತ್ರಿ. ಈ ಬಣ್ಣದಾಗ ಇದೊಂದs ಐತಿ."

0:20. ಸೆರಗು ಬಿಚ್ಚು. ಕೊಂಡಿ ಇರುವ ಜಾಗ ಹತ್ತಿರ ಹಿಡಿದು ಮನಸ್ಸಿನಲ್ಲೇ ಹತ್ತು ಎಣಿಸು. "ಮೈ ಮತ್ತ ಸೆರಗು ಕೂಡೋ ಜಾಗಾ ನೋಡ್ರಿ. ಇಲ್ಲಿ ಹೊಲಿಗಿ ಇಲ್ರಿ, ಎಳಿಗೆ ಎಳಿ ಕೊಂಡಿ ಹಾಕೇವಿ."

0:50. ಬೆಲೆಯ ಹಲಗೆ ಎತ್ತು. "ಬೆಲಿ ಸಾವಿರದ ಎಂಟುನೂರಾ ಐವತ್ತು ರೂಪಾಯಿ. ಕೊರಿಯರ್ ಖರ್ಚು ಅದರಾಗ ಬಂತ್ರಿ. ಹದಿನೆಂಟು ನೂರಾ ಐವತ್ತು." ಜೊತೆಗಾರರು: "ನಂ. 4, ₹1,850, ಕೊರಿಯರ್ ಸೇರಿ" ಎಂದು ಕಾಮೆಂಟ್ ಹಾಕಿ ಪಿನ್ ಮಾಡುವುದು.

1:10. ಪ್ರಶ್ನೆ. "ಇದರ ಮ್ಯಾಲೆ ಯಾವ ಖಣ ಇಡ್ಲಿ? ನೇರಳಿಗೆ 1, ಹಳದಿಗೆ 2 ಬರೀರಿ." ಉತ್ತರ ಬರುವವರೆಗೆ ಉದ್ದ, ಒಗೆಯುವ ರೀತಿ, ಬ್ಲೌಸ್ ಪೀಸ್ ಇಲ್ಲ ಎಂಬುದು.

1:40. ಜೊತೆಗಾರರು ಎರಡು ಹೆಸರು ಓದುವುದು. ಹೆಚ್ಚು ಬಂದ ಖಣವನ್ನು ಸೀರೆಯ ಮೇಲೆ ಇಡು.

2:10. ಚೀಟಿ, ಹಲಗೆ ಎರಡೂ ಮತ್ತೆ. "ನಂಬರ್ 4, ಹದಿನೆಂಟು ನೂರಾ ಐವತ್ತು. ಬೇಕಂದವ್ರು ಚೀಟಿ ಕಾಣೂ ಹಂಗ ಸ್ಕ್ರೀನ್‌ಶಾಟ್ ತಗೊಂಡು ವಾಟ್ಸ್‌ಆ್ಯಪ್ ಮಾಡ್ರಿ."

ಇದರಲ್ಲಿ ಅಕ್ಷರಶಃ ಬರೆದಿರುವುದು ಎಲ್ಲವೂ ಅಲ್ಲ. ಸೀರೆಯ ವರ್ಣನೆಗೆ ಸುಳುಹು ಸಾಕು, ನೇಯ್ಗೆ ಬಲ್ಲವರಿಗೆ ಮಾತು ತಾನಾಗಿ ಬರುತ್ತದೆ. ಆದರೆ ನಂಬರು, ಬೆಲೆ, ಕೊಳ್ಳುವ ವಿಧಾನ, ಕೈಮಗ್ಗವೋ ಪವರ್‌ಲೂಮೋ ಎಂಬ ಮಾತು, ಇವನ್ನು ಒಂದೊಂದು ಪದವೂ ಬದಲಾಗದಂತೆ ಬರೆದಿಡಬೇಕು. ಇವೇ ಆಮೇಲೆ ಜಗಳಕ್ಕೆ ಬರುವ ಮಾತುಗಳು.

ಬೆಲೆ 50ನೇ ಸೆಕೆಂಡಿಗೆ ಬಂದಿರುವುದನ್ನು ಗಮನಿಸಿ. ಅನೇಕರು ಬೆಲೆಯನ್ನು ಕೊನೆಗೆ ಇಟ್ಟು ಕುತೂಹಲ ಕಾಯುತ್ತಾರೆ. ಅಂಗಡಿಗೆ ಬಂದು ಕೂತವರ ಎದುರು ಅದು ನಡೆಯಬಹುದು, ಬೆರಳ ತುದಿಯಲ್ಲಿ ಇನ್ನೊಂದು ವಿಡಿಯೊ ಇರುವವರ ಎದುರು ನಡೆಯುವುದಿಲ್ಲ. ಬೆಲೆ ಗೊತ್ತಾದ ಮೇಲೆ ಉಳಿದ ನಿಮಿಷ ಅವರು ಕೊಳ್ಳುವ ಕಣ್ಣಿನಿಂದ ಸೀರೆ ನೋಡುತ್ತಾರೆ. ಮೊದಲೇ ಹೇಳಿದರೆ ಸಾಲದು, ಆ ಸೀರೆ ಕೈಯಿಂದ ಇಳಿಯುವ ಮೊದಲು ಇನ್ನೊಮ್ಮೆ ಹೇಳಲೇಬೇಕು. ನಡುವೆ ಬಂದವರಿಗೆ ಆ ಎರಡನೆಯ ಸಲವೇ ಮೊದಲ ಸಲ.

ಹೇಳುವ ಬಗೆಯಲ್ಲೂ ಎಚ್ಚರ ಬೇಕು. ಮೊಬೈಲಿನ ಸ್ಪೀಕರಿನಲ್ಲಿ, ಹಿಂದೆ ಫ್ಯಾನಿನ ಸದ್ದಿರುವಾಗ, ಆರುನೂರು ನೂರಾಗಿ ಕೇಳಬಹುದು, ಎಂಟುನೂರು ಏಳುನೂರಾಗಬಹುದು. "ಎರಡೂವರೆ" ಎಂದರೆ ನಮ್ಮ ಬಾಯಿಯಲ್ಲಿ ಎರಡು ಸಾವಿರದ ಐನೂರು, ಹೊಸಬರ ಕಿವಿಗೆ ಇನ್ನೇನೋ. ಆದ್ದರಿಂದ ಒಂದೇ ಬೆಲೆಯನ್ನು ಎರಡು ರೀತಿಯಲ್ಲಿ ಹೇಳಿಸಿ, ಹಲಗೆಯ ಮೇಲೆ ದೊಡ್ಡ ಅಂಕಿಯಲ್ಲಿ ತೋರಿಸಿ, ಕಾಮೆಂಟಿನಲ್ಲೂ ಬರೆಸಬೇಕು. ಸ್ಕ್ರಿಪ್ಟಿನಲ್ಲಿ 1,850 ಎಂದು ಅಂಕಿಯನ್ನಷ್ಟೇ ಬರೆದರೆ ಓದುವವರು ಆ ಗಳಿಗೆಯಲ್ಲಿ ತಡವರಿಸುತ್ತಾರೆ, ಅಕ್ಷರದಲ್ಲೂ ಬರೆದುಕೊಡಬೇಕು. ಮುಂಭಾಗದ ಕ್ಯಾಮೆರಾ ಬಳಸುವವರು ಹಲಗೆಯ ಅಕ್ಷರ ನೋಡುವವರಿಗೆ ತಿರುಗುಮುರುಗಾಗಿ ಕಾಣುತ್ತದೆಯೇ ಎಂದು ಇನ್ನೊಂದು ಫೋನಿನಲ್ಲಿ ಮೊದಲೇ ನೋಡಿಕೊಳ್ಳಲಿ.

ಬೆಲೆ ಎಂದರೆ ಕೊಳ್ಳುವವರ ಕೈಯಿಂದ ಹೋಗುವ ಪೂರ್ತಿ ಮೊತ್ತ. 1,750 ಎಂದು ಹೇಳಿ ವಾಟ್ಸ್‌ಆ್ಯಪ್‌ನಲ್ಲಿ ಕೊರಿಯರ್‌ಗೆ 100 ಸೇರಿಸಿದರೆ ಕೊಳ್ಳುವವರಿಗೆ ಮೋಸವಾದಂತೆ ಅನಿಸುತ್ತದೆ, ಅನಿಸುವುದು ಸಹಜವೂ ಹೌದು. ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2023ರಲ್ಲಿ ಹೊರಡಿಸಿದ ಮಾರ್ಗಸೂಚಿಯಲ್ಲಿ ಆನ್‌ಲೈನ್ ಮಾರಾಟದ 13 ಬಗೆಯ ವಂಚಕ ವಿನ್ಯಾಸಗಳ ಪಟ್ಟಿ ಇದೆ. ಬೆಲೆಯ ಒಂದು ಭಾಗವನ್ನು ಮುಚ್ಚಿಟ್ಟು ಆಮೇಲೆ ಸೇರಿಸುವುದು ಅದರಲ್ಲೊಂದು. ಇಲ್ಲದ ಕೊರತೆಯನ್ನು ಹೇಳಿ ಅವಸರ ಹುಟ್ಟಿಸುವುದು ಇನ್ನೊಂದು. "ಇದೊಂದೇ ಇರುವುದು" ಎಂಬ ಸಾಲನ್ನು ಸ್ಕ್ರಿಪ್ಟಿನಲ್ಲಿ ಹಾಕುವ ಮೊದಲು ರಾಶಿ ಎಣಿಸಬೇಕು. ಒಂದೇ ಇದ್ದರೆ ಹೇಳಲಿ, ಅದು ಕೊಳ್ಳುವವರಿಗೆ ಬೇಕಾದ ಸುದ್ದಿ. ಐದಿದ್ದರೆ ಐದಿವೆ ಎನ್ನಲಿ. "ನಾಲ್ಕು ಸಾವಿರದ್ದು ಎರಡು ಸಾವಿರಕ್ಕೆ" ಎಂಬ ಮಾತೂ ಹಾಗೆಯೇ, ನಿಜವಾಗಿ ನಾಲ್ಕು ಸಾವಿರಕ್ಕೆ ಮಾರಿದ್ದಿದ್ದರೆ ಮಾತ್ರ.

ಇಳಕಲ್ ವಿಷಯದಲ್ಲಿ ನನಗೆ ಇದಕ್ಕಿಂತ ದೊಡ್ಡ ಕಾಳಜಿ ಒಂದಿದೆ. ಇಳಕಲ್ ಸೀರೆಗೆ ಭೌಗೋಳಿಕ ಸೂಚಕದ ಮಾನ್ಯತೆ ಇದೆ. ಆದರೂ ಪವರ್‌ಲೂಮಿನಲ್ಲಿ ನೇಯ್ದು ಇಳಕಲ್ ದಡಿಯನ್ನು ಹೋಲುವಂತೆ ಮಾಡಿದ ಸೀರೆಗಳು ಅದೇ ಹೆಸರಿನಲ್ಲಿ ಮಾರಾಟವಾಗುತ್ತವೆ. ಲೈವ್‌ನಲ್ಲಿ ಕೊಳ್ಳುವವರು ಬಟ್ಟೆ ಮುಟ್ಟಲಾರರು, ಮಾತನ್ನು ನಂಬಿ ದುಡ್ಡು ಹಾಕುತ್ತಾರೆ. ಹತ್ತಿಯ ಮೈಗೆ ರೇಷ್ಮೆಯ ಸೆರಗನ್ನು ಎಳೆಗೆ ಎಳೆ ಸೇರಿಸುವ ಕೊಂಡಿ ಇಳಕಲ್ ನೇಕಾರರ ಗುರುತು. ಹತ್ತು ಸೆಕೆಂಡು ಅದನ್ನು ಅಲುಗಾಡಿಸದೆ ಹಿಡಿಯುವುದಕ್ಕೆ ಸ್ಕ್ರಿಪ್ಟಿನಲ್ಲಿ ಜಾಗ ಬಿಟ್ಟಿರುವುದು ಅದಕ್ಕೇ. ಕಸೂತಿ ಸೀರೆಗೂ ಇಂಥದ್ದೇ ಒಂದು ಸೂಚನೆ ಬರೆಯಬೇಕು: "ಬಟ್ಟೆ ತಿರುಗಿಸಿ ಹಿಂಬದಿ ತೋರಿಸು." ಕೈಯಲ್ಲಿ ಹಾಕಿದ ಗವಂತಿ, ಮುರ್ಗಿ ಹೊಲಿಗೆಗಳು ಎರಡೂ ಬದಿ ಒಂದೇ ರೀತಿ ಕಾಣುತ್ತವೆ. ಹಿಂದೆ ದಾರದ ಗೋಜಲು ಕಂಡರೆ ಪ್ರಶ್ನೆ ಕೇಳುವ ಹಕ್ಕು ನೋಡುವವರಿಗಿದೆ. ಪವರ್‌ಲೂಮಿನ ಸೀರೆ ಮಾರುವುದು ತಪ್ಪಲ್ಲ. ಅದನ್ನು ಪವರ್‌ಲೂಮ್ ಎಂದು ಹೇಳಿ ಆ ಬೆಲೆಗೆ ಮಾರಬೇಕು.

ಇನ್ನು ನೋಡುವವರನ್ನು ಮಾತಿಗೆ ಎಳೆಯುವ ವಿಚಾರ. ಟಿಪ್ಪಣಿಯಲ್ಲಿ ಇದಕ್ಕಿದ್ದದ್ದು ಕೊನೆಯ "ಪ್ರಶ್ನೆಗಳು" ಎಂಬ ಒಂದೇ ಪದ. ಸ್ಕ್ರಿಪ್ಟಿನಲ್ಲಿ ಪ್ರತಿ ಸೀರೆಗೂ ಒಂದು ಪ್ರಶ್ನೆ ಇದೆ, ಅದು ಒಂದಂಕಿಯಲ್ಲಿ ಉತ್ತರಿಸುವ ಪ್ರಶ್ನೆ. "ಹೇಗಿದೆ ಹೇಳಿ" ಎಂದರೆ ಒಂದಿಬ್ಬರು ಹೃದಯದ ಚಿಹ್ನೆ ಒತ್ತುತ್ತಾರೆ. ಒಂದು ಕೈಯಲ್ಲಿ ಸೌಟು ಹಿಡಿದವರು ಕನ್ನಡದಲ್ಲಿ ವಾಕ್ಯ ಟೈಪ್ ಮಾಡಲಾರರು, ಆದರೆ 1 ಅಥವಾ 2 ಒತ್ತಬಲ್ಲರು. ಉತ್ತರ ಬಂದ ಮೇಲೆ ಕಣ್ಣಿಗೆ ಕಾಣುವಂತೆ ಏನಾದರೂ ಆಗಬೇಕು: ಅವರು ಹೇಳಿದ ಖಣ ಸೀರೆಯ ಮೇಲೆ ಬರಬೇಕು. ತಾವು ಬರೆದದ್ದರಿಂದ ಏನೂ ಆಗದಿದ್ದರೆ ಮುಂದಿನ ಸಲ ಅವರು ಬರೆಯುವುದಿಲ್ಲ.

ಇಲ್ಲಿ ಬಹಳ ಜನರಿಗೆ ಗೊತ್ತಿರದ ಒಂದು ಸಂಗತಿ ಇದೆ. ನಾವು ಆಡಿದ ಮಾತು ನೋಡುವವರಿಗೆ ತಲುಪುವುದು ತಡವಾಗಿ. ವೇದಿಕೆ, ಇಂಟರ್‌ನೆಟ್ಟಿನ ವೇಗ ನೋಡಿಕೊಂಡು ಕೆಲವು ಸೆಕೆಂಡಿನಿಂದ ಅರ್ಧ ನಿಮಿಷದವರೆಗೂ ಆಗಬಹುದು. ಅವರು ಕೇಳಿ, ಟೈಪ್ ಮಾಡಿ, ಅದು ನಮಗೆ ಕಾಣುವಷ್ಟರಲ್ಲಿ ಇನ್ನಷ್ಟು ಹೊತ್ತು. ಪ್ರಶ್ನೆ ಕೇಳಿ ಐದು ಸೆಕೆಂಡು ಕಾದು "ಯಾರೂ ಹೇಳ್ತಾ ಇಲ್ಲ" ಎಂದು ಮುಂದಕ್ಕೆ ಹೋದರೆ ಉತ್ತರಗಳೆಲ್ಲ ಮುಂದಿನ ಸೀರೆಯ ಮೇಲೆ ಬಂದು ಬೀಳುತ್ತವೆ. ಆಗ ನಂಬರ್ 4ಕ್ಕೆ ಬರೆದ "2" ನಂಬರ್ 5ಕ್ಕೆ ಬರೆದಂತೆ ಕಂಡು ಗೊಂದಲವಾಗುತ್ತದೆ. ಅದಕ್ಕಾಗಿಯೇ ಮಾದರಿಯಲ್ಲಿ 1:10ಕ್ಕೆ ಪ್ರಶ್ನೆ, 1:40ಕ್ಕೆ ಉತ್ತರ ಇವೆ. ನಡುವಿನ ಅರ್ಧ ನಿಮಿಷಕ್ಕೆ ಒಗೆಯುವ ರೀತಿ, ಉದ್ದದಂಥ ಮಾತನ್ನು ಬೇಕೆಂದೇ ಉಳಿಸಿಕೊಂಡಿದೆ. ತಮ್ಮ ಲೈವ್‌ನಲ್ಲಿ ಎಷ್ಟು ತಡ ಎಂಬುದನ್ನು ತಿಳಿಯುವುದು ಸುಲಭ: ಪಕ್ಕದ ಕೋಣೆಯಲ್ಲಿ ಇನ್ನೊಂದು ಫೋನಿನಲ್ಲಿ ಲೈವ್ ಹಚ್ಚಿ, ಇಲ್ಲಿ ಚಪ್ಪಾಳೆ ತಟ್ಟಿ, ಅಲ್ಲಿ ಯಾವಾಗ ಕೇಳಿಸಿತೆಂದು ನೋಡಿದರಾಯಿತು.

ಕಾಮೆಂಟೇ ಬಾರದ ಹೊತ್ತಿಗೂ ಒಂದು ಸಾಲು ಬರೆದಿಟ್ಟುಕೊಳ್ಳಬೇಕು. ಹಿಂದಿನ ದಿನಗಳಲ್ಲಿ ವಾಟ್ಸ್‌ಆ್ಯಪ್‌ಗೆ ಬಂದ ನಿಜವಾದ ಪ್ರಶ್ನೆಗಳು ಅದಕ್ಕೆ ಒದಗುತ್ತವೆ: "ಒಂಬತ್ತು ಗಜದ್ದು ಸಿಗುತ್ತದಾ ಎಂದು ಒಬ್ಬರು ಕೇಳಿದ್ದರು." ಮನೆಯವರ ಕೈಯಿಂದ ಸುಳ್ಳು ಆರ್ಡರ್‌ಗಳನ್ನು ಬರೆಸುವ ಅಭ್ಯಾಸ ಕೆಲವು ಕಡೆ ಕಾಣುತ್ತದೆ. ಅದು ಗ್ರಾಹಕರಿಗೆ ಮಾಡುವ ವಂಚನೆ, ಯಾವ ಸ್ಕ್ರಿಪ್ಟಿನಲ್ಲೂ ಅದಕ್ಕೆ ಜಾಗ ಇರಬಾರದು.

ಹತ್ತು ಹನ್ನೆರಡು ನಿಮಿಷಕ್ಕೊಮ್ಮೆ ಒಂದೂವರೆ ನಿಮಿಷದ "ಹೊಸಬರ ಮಾತು" ಬರಬೇಕು. ನಾವು ಯಾರು, ಎಲ್ಲಿಂದ, ಹೇಗೆ ಕೊಳ್ಳುವುದು, ಈವರೆಗೆ ಯಾವ ನಂಬರುಗಳು ಉಳಿದಿವೆ. ಒಂದೇ ಸೀರೆಯನ್ನು ಇಬ್ಬರು ಕೇಳಿದರೆ ಯಾರಿಗೆ ಎಂಬ ನಿಯಮವನ್ನೂ ಇಲ್ಲೇ ಹೇಳಬೇಕು. ಕಾಮೆಂಟಿನಲ್ಲಿ ಮೊದಲು ಬರೆದವರಿಗೋ, ವಾಟ್ಸ್‌ಆ್ಯಪ್‌ಗೆ ಮೊದಲು ಕಳಿಸಿದವರಿಗೋ ಎಂದು ಒಂದನ್ನೇ ಹಿಡಿಯಬೇಕು. ವಾಟ್ಸ್‌ಆ್ಯಪ್ ವಾಸಿ, ಅಲ್ಲಿ ಯಾರ ಸಂದೇಶ ಮೊದಲು ಬಂತೆಂಬುದು ಒಂದೇ ಸಾಲಿನಲ್ಲಿ ಕಾಣುತ್ತದೆ. ಅರ್ಧ ಗಂಟೆಯೊಳಗೆ ದುಡ್ಡು ಬಾರದಿದ್ದರೆ ಮುಂದಿನವರಿಗೆ ಎಂಬುದನ್ನೂ ಸೇರಿಸಬೇಕು.

ಹೊಸಬರ ಮಾತಿನಲ್ಲಿ ಬಿಡಲೇಬಾರದ ಇನ್ನೊಂದು ಸಾಲು: "ನಮ್ಮ ನಂಬರ್ ಇದೊಂದೇ. ಬೇರೆ ಯಾರಾದರೂ ನಮ್ಮ ಹೆಸರು ಹೇಳಿ ಕ್ಯೂಆರ್ ಕೋಡ್ ಕಳಿಸಿದರೆ ದುಡ್ಡು ಹಾಕಬೇಡಿ." ಅಂಗಡಿಯ ಹೆಸರು, ಚಿತ್ರ ಕದ್ದು ಖಾತೆ ತೆರೆದು, "ಬೇಕು" ಎಂದು ಬರೆದವರಿಗೆ ಉತ್ತರಿಸಿ ದುಡ್ಡು ಲಪಟಾಯಿಸುವವರು ಲೈವ್‌ಗಳ ಸುತ್ತ ಇರುತ್ತಾರೆ. ನೋಡುವವರು ತಮ್ಮ ಫೋನ್ ನಂಬರನ್ನು ಕಾಮೆಂಟಿನಲ್ಲಿ ಹಾಕಿದರೆ ಜೊತೆಗಾರರು ಅದನ್ನು ಕೂಡಲೇ ಮರೆಮಾಡಬೇಕು, ಗಟ್ಟಿಯಾಗಿ ಓದಲೇಬಾರದು.

ಸ್ಕ್ರಿಪ್ಟ್ ಸರಿಯಾಯಿತೇ ಎಂದು ತಿಳಿಯಲು ದೊಡ್ಡ ಲೆಕ್ಕಾಚಾರ ಬೇಡ. ಲೈವ್ ಮುಗಿದ ಮೇಲೆ ವಿಡಿಯೊ ಕೆಲವು ದಿನ ಪೇಜಿನಲ್ಲೇ ಉಳಿಯುತ್ತದೆ. ಮಾರಿಹೋದ ನಂಬರುಗಳನ್ನು ಅದರ ಬರಹದಲ್ಲಿ ಸೇರಿಸಿ, ರಾತ್ರಿ ನೋಡುವವರು ಇಲ್ಲದ ಸೀರೆಗೆ ಆಸೆಪಡುವುದು ತಪ್ಪುತ್ತದೆ. ಆಮೇಲೆ ಕಾಗದ, ಪೆನ್ನು ಹಿಡಿದು ಮೊದಲಿನಿಂದ ವಿಡಿಯೊ ನೋಡಿ. "ರೇಟ್ ಎಷ್ಟು" ಎಂಬ ಕಾಮೆಂಟು ಬಂದ ಕಡೆಯಲ್ಲೆಲ್ಲ ಸ್ಕ್ರಿಪ್ಟಿನ ಆ ಜಾಗಕ್ಕೆ ಒಂದು ಗೆರೆ ಎಳೆಯಿರಿ. ಮುಂದಿನ ವಾರದ ಲೈವ್‌ಗೆ ಕೂರುವ ಮೊದಲು, ಗೆರೆ ಬಿದ್ದ ಜಾಗಗಳಲ್ಲಿ ಬೆಲೆಯ ಸಾಲನ್ನು ಇನ್ನೊಂದು ಸಲ ಸೇರಿಸಿ.